ಎರಡು ಪಟ್ಟು ವೇಗದಲ್ಲಿ ಪಾಠ ಕೇಳಿದರೆ ಕಿವಿಗೆ ಬೀಳುವುದೆಷ್ಟು, ತಲೆಗೆ ಹತ್ತುವುದೆಷ್ಟು: ನಿಮ್ಮ ವೇಗ ನೀವೇ ಅಳೆದುಕೊಳ್ಳುವ ಬಗೆ

ನನ್ನ ಅಕ್ಕನ ಮಗಳು ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕಳೆದ ಸೆಮಿಸ್ಟರಿನಲ್ಲಿ ಮಣ್ಣಿನ ಯಂತ್ರಶಾಸ್ತ್ರ, ಅಂದರೆ ಸಾಯಿಲ್ ಮೆಕ್ಯಾನಿಕ್ಸ್‌ಗೆ ಐಐಟಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ವಿಡಿಯೊ ಪಾಠಗಳನ್ನು ಹಿಡಿದುಕೊಂಡು ಕೂತಿದ್ದಳು. ಪಾಠಗಳು ಬಹಳ, ದಿನಗಳು ಕಡಿಮೆ. ಎಲ್ಲವನ್ನೂ 2x ಹಾಕಿ ಮುಗಿಸಿದಳು. ಪರೀಕ್ಷೆಗೆ ಹತ್ತು ದಿನ ಇರುವಾಗ ಫೋನ್ ಮಾಡಿ, "ಮಾಮ, ಒಂದೊಂದು ಪದಾನೂ ಕೇಳಿಸ್ತು. ಆದ್ರೆ ಬರೆಯೋಕೆ ಕೂತ್ರೆ ಏನೂ ಬರ್ತಿಲ್ಲ" ಅಂದಳು.

ಅವಳು ಹೇಳಿದ ಎರಡೂ ಮಾತು ನಿಜ. ಪದಗಳು ಕೇಳಿಸಿದ್ದವು, ಅರ್ಥ ನಿಂತಿರಲಿಲ್ಲ. ಇವೆರಡೂ ಬೇರೆ ಬೇರೆ ಕೆಲಸಗಳು, ವೇಗ ಹೆಚ್ಚಿದಾಗ ಒಂದೇ ಸಲಕ್ಕೆ ಕೈಕೊಡುವುದಿಲ್ಲ. ಈ ಬರಹದ ಹಂತಗಳೆಲ್ಲ ಆ ಅಂತರವನ್ನು ಅಳೆಯುವುದಕ್ಕೇ ಇರುವಂಥವು. ಅವಳ ಆ ಒಂದು ಪಾಠವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಮೊದಲು, ಒಳಗೆ ಏನಾಗುತ್ತದೆ

ಹಳೆಯ ಟೇಪ್ ರೆಕಾರ್ಡರನ್ನು ಜೋರಾಗಿ ಓಡಿಸಿದರೆ ದನಿ ಕೀಚಲಾಗುತ್ತಿತ್ತು. ವೇಗದ ಜತೆಗೆ ಸ್ಥಾಯಿಯೂ ಏರುತ್ತಿದ್ದದ್ದೇ ಕಾರಣ. ಈಗಿನ ಪ್ಲೇಯರುಗಳು ಹಾಗೆ ಮಾಡುವುದಿಲ್ಲ. ದನಿಯನ್ನು ಸೆಕೆಂಡಿನ ನೂರರಲ್ಲಿ ಕೆಲವು ಪಾಲಿನಷ್ಟು ಸಣ್ಣ ತುಣುಕುಗಳಾಗಿ ಕತ್ತರಿಸಿ, ನಡುನಡುವೆ ಸ್ವಲ್ಪ ಸ್ವಲ್ಪ ಬಿಟ್ಟು, ಉಳಿದವುಗಳ ಅಂಚುಗಳನ್ನು ಒಂದರ ಮೇಲೊಂದು ಕೂರಿಸಿ ಹೊಲಿಯುತ್ತವೆ. ಅಲೆಯ ಆಕಾರ ಎಲ್ಲಿ ಹೊಂದುತ್ತದೋ ಅಲ್ಲೇ ಹೊಲಿಗೆ ಬೀಳುವುದರಿಂದ ಮೇಷ್ಟ್ರ ದನಿ ಮೇಷ್ಟ್ರದಾಗಿಯೇ ಕೇಳುತ್ತದೆ. ಇದರ ಮೂಲ ಉಪಾಯ ಹಳೆಯದು. 1950ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಗಾರ್ವಿ ಎಂಬ ಸಂಶೋಧಕರು ಟೇಪನ್ನು ಕೈಯಿಂದಲೇ ಕತ್ತರಿಸಿ ಅಂಟಿಸಿ ನೋಡಿದ್ದರು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಫೇರ್‌ಬ್ಯಾಂಕ್ಸ್ ಮತ್ತು ಸಂಗಡಿಗರು ಅದೇ ಕೆಲಸಕ್ಕೆ ಯಂತ್ರ ಮಾಡಿದರು.

ಆಮೇಲೆ ಲೂಯಿವಿಲ್‌ನಲ್ಲಿ ಎಮರ್ಸನ್ ಫೌಲ್ಕ್ ಇದನ್ನು ಅಂಧ ವಿದ್ಯಾರ್ಥಿಗಳಿಗಾಗಿ ವರ್ಷಗಟ್ಟಲೆ ಪರೀಕ್ಷಿಸಿದರು. ಕಣ್ಣಿನಿಂದ ಓದುವವರ ವೇಗ ಕಿವಿಯಿಂದ ಓದುವವರಿಗೂ ಸಿಗಬೇಕು ಎಂಬುದು ಉದ್ದೇಶ. ಫೌಲ್ಕ್ ಮತ್ತು ಸ್ಟಿಕ್ಟ್ 1969ರಲ್ಲಿ ಅದುವರೆಗಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ಬರೆದ ವಿಮರ್ಶೆಯಲ್ಲಿ ನಮಗೆ ಬೇಕಾದ ಮಾತಿದೆ. ಬಿಡಿ ಪದವೊಂದನ್ನು ಬಹಳ ಕುಗ್ಗಿಸಿದರೂ ಜನ ಅದನ್ನು ಗುರುತಿಸುತ್ತಾರೆ. ಆದರೆ ಸಾಲಾಗಿ ಬರುವ ಮಾತಿನ ಗ್ರಹಿಕೆ ನಿಮಿಷಕ್ಕೆ ಸುಮಾರು 275 ಇಂಗ್ಲಿಷ್ ಪದಗಳನ್ನು ದಾಟುತ್ತಿದ್ದಂತೆ ಬೇಗ ಬೇಗ ಕುಸಿಯುತ್ತದೆ. ಕಿವಿ ಸೋಲುವ ಮೊದಲೇ ಮನಸ್ಸು ಹಿಂದೆ ಬೀಳುತ್ತದೆ ಎಂದಾಯಿತು. ಕೇಳಿದ ಮಾತನ್ನು ಹಿಂದಿನ ಮಾತಿಗೆ ಜೋಡಿಸಿ ಒಳಗಿಡಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತು ಸಿಗುವ ಮೊದಲೇ ಮುಂದಿನ ವಾಕ್ಯ ಬಂದು ಬಿದ್ದಿರುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ 2009ರಲ್ಲಿ ಗಿಟ್ಜಾ ಮತ್ತು ಗ್ರೀನ್‌ಬರ್ಗ್ ಮಾಡಿದ ಪ್ರಯೋಗ. ಅವರು ವಾಕ್ಯಗಳನ್ನು ಮೂರು ಪಟ್ಟು ಕುಗ್ಗಿಸಿದರು, ಕೇಳುವವರು ಅರ್ಧಕ್ಕಿಂತ ಹೆಚ್ಚು ಪದಗಳನ್ನು ತಪ್ಪಿದರು. ಆಮೇಲೆ ಅದೇ ಕುಗ್ಗಿದ ದನಿಯನ್ನು ಹಾಗೇ ಇಟ್ಟು ನಡುನಡುವೆ ಚಿಕ್ಕ ಚಿಕ್ಕ ಮೌನಗಳನ್ನು ಸೇರಿಸಿದರು. ತಪ್ಪುಗಳು ಗಣನೀಯವಾಗಿ ಇಳಿದವು. ದನಿಯಲ್ಲಿ ಹೊಸ ಮಾಹಿತಿ ಏನೂ ಸೇರಿರಲಿಲ್ಲ, ಸೇರಿದ್ದು ಬರೀ ಸಮಯ. ಮುಂದೆ ನಾನು ಮೌನದ ಬಗ್ಗೆ ಪದೇ ಪದೇ ಹೇಳುವುದು ಈ ಪ್ರಯೋಗದ ನೆನಪಿನಿಂದ.

ಹಂತ 1: ಗುಂಡಿಯ ಮೇಲಿನ ಅಂಕಿ ಬಿಡಿ, ಮೇಷ್ಟ್ರ ಅಸಲಿ ವೇಗ ಅಳೆಯಿರಿ

1.5x ಎಂಬುದು ಗುಣಾಕಾರ ಅಷ್ಟೆ. ಯಾವುದರ ಒಂದೂವರೆ ಪಟ್ಟು ಎಂದು ತಿಳಿಯದೆ ಅದಕ್ಕೆ ಅರ್ಥವಿಲ್ಲ. ನಿಮಿಷಕ್ಕೆ 110 ಪದ ಆಡುವವರ ಪಾಠ 1.5xನಲ್ಲಿ 165 ಆಗುತ್ತದೆ, ಅದು ಸಾಮಾನ್ಯ ಮಾತಿನ ವೇಗ. 170 ಪದ ಆಡುವವರದು 255 ಆಗುತ್ತದೆ, ಅದು ಅಂಚಿನ ಹತ್ತಿರ.

ಅಳೆಯುವುದು ಹತ್ತು ನಿಮಿಷದ ಕೆಲಸ. ಯೂಟ್ಯೂಬಿನಲ್ಲಿ ವಿಡಿಯೊದ ವಿವರಣೆಯ ಕೆಳಗೆ Show transcript ಒತ್ತಿದರೆ ಮಾತು ಅಕ್ಷರರೂಪದಲ್ಲಿ ಸಮಯದ ಸಮೇತ ಬರುತ್ತದೆ. ಪಾಠದ ಆರಂಭದ ಕುಶಲೋಪರಿ ಬಿಟ್ಟು, ನಡುವಿನಿಂದ ಮೂರು ನಿಮಿಷದ ಎರಡು ಭಾಗ ಆರಿಸಿ. ಒಂದು ಬರೀ ವಿವರಣೆಯ ಭಾಗ, ಇನ್ನೊಂದು ಹಲಗೆಯ ಮೇಲೆ ಲೆಕ್ಕ ಬಿಡಿಸುವ ಭಾಗ. ಪದ ಎಣಿಸುವ ಯಾವುದಾದರೂ ತಂತ್ರಾಂಶಕ್ಕೆ ಹಾಕಿ ಮೂರರಿಂದ ಭಾಗಿಸಿ. ಸಮಯದ ಅಂಕಿಗಳೂ ಪದಗಳಾಗಿ ಎಣಿಕೆಗೆ ಸೇರಿಬಿಡುತ್ತವೆ, ಮೊದಲೇ ಅಳಿಸಿಬಿಡಿ.

ನಾವು ಅಳೆದ ಪಾಠ 54 ನಿಮಿಷದ್ದು. ಎಫೆಕ್ಟಿವ್ ಸ್ಟ್ರೆಸ್ ವಿಷಯ. ವಿವರಣೆಯ ಮೂರು ನಿಮಿಷದಲ್ಲಿ 384 ಪದ, ಅಂದರೆ ನಿಮಿಷಕ್ಕೆ 128. ಹಲಗೆಯ ಭಾಗದಲ್ಲಿ 276, ಅಂದರೆ 92. ಎರಡು ಪಟ್ಟು ಮಾಡಿದರೂ 256 ಮತ್ತು 184, ಎರಡೂ 275ರ ಒಳಗೇ. ಹಾಗಿದ್ದ ಮೇಲೆ 2xನಲ್ಲಿ ಕೇಳಿದ್ದು ಯಾಕೆ ನಿಲ್ಲಲಿಲ್ಲ? ಅದರಲ್ಲೂ ನಿಧಾನವಾಗಿದ್ದ ಹಲಗೆಯ ಭಾಗವೇ ಅವಳಿಗೆ ಹೆಚ್ಚು ಕೈಕೊಟ್ಟಿತ್ತು.

ಉತ್ತರ ಆ 92ರೊಳಗೇ ಇದೆ. ಮೇಷ್ಟ್ರು ಅಲ್ಲಿ ನಿಧಾನವಾಗಿ ಮಾತಾಡುತ್ತಿರಲಿಲ್ಲ, ಬರೆಯುತ್ತಾ ಸುಮ್ಮನಿರುತ್ತಿದ್ದರು. ಆ ಮೌನದಲ್ಲಿ ನೋಡುವವರ ಕಣ್ಣು ಸೂತ್ರದ ಮೇಲೆ ಓಡಾಡಬೇಕು, ಹಿಂದಿನ ಸಾಲಿಗೂ ಈ ಸಾಲಿಗೂ ಏನು ಸಂಬಂಧ ಎಂದು ಹೊಂದಿಸಿಕೊಳ್ಳಬೇಕು. 2x ಹಾಕಿದಾಗ ಮಾತು ಕುಗ್ಗುವಷ್ಟೇ ಆ ಮೌನವೂ ಕುಗ್ಗುತ್ತದೆ. ಜತೆಗೆ 275 ಎಂಬ ಅಂಕಿ ಇಂಗ್ಲಿಷ್ ಮನೆಮಾತಿನವರು ಗದ್ಯ ಕೇಳಿದಾಗಿನದು. ಪರಭಾಷೆಯಲ್ಲಿ, ಸೂತ್ರಗಳ ಪಾಠದಲ್ಲಿ ಮಿತಿ ಅದಕ್ಕಿಂತ ಬಹಳ ಕೆಳಗಿರುತ್ತದೆ. ಆದ್ದರಿಂದ 275ನ್ನು ದಾಟಬಾರದ ಗೆರೆ ಎಂದು ಮಾತ್ರ ಇಟ್ಟುಕೊಳ್ಳಿ. ನಿಮ್ಮ ಗೆರೆ ಎಲ್ಲಿದೆ ಎಂದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ಕಿವಿಗೆ ಒಗ್ಗಲು ಎರಡು ನಿಮಿಷ ಕೊಡಿ

ಕುಗ್ಗಿಸಿದ ಮಾತಿಗೆ ಕಿವಿ ಬೇಗ ಒಗ್ಗುತ್ತದೆ. ಹತ್ತು ಹದಿನೈದು ವಾಕ್ಯ ಕೇಳುವಷ್ಟರಲ್ಲಿ ಗ್ರಹಿಕೆ ಗೊತ್ತಾಗುವಷ್ಟು ಸುಧಾರಿಸುತ್ತದೆ ಎಂದು 1997ರಲ್ಲಿ ಡುಪೂ ಮತ್ತು ಗ್ರೀನ್ ತೋರಿಸಿದ್ದಾರೆ. ಹೀಗಾಗಿ ಮೊದಲ ಎರಡು ನಿಮಿಷದ ತೊಡಕನ್ನು ನೋಡಿ "ನನ್ನ ಕೈಲಿ ಆಗಲ್ಲ" ಎಂದು ತೀರ್ಮಾನಿಸಬೇಡಿ. ನಿಮಗೆ ಗೊತ್ತಿರುವ ಹಳೆಯ ಪಾಠವೊಂದರ ಎರಡು ನಿಮಿಷವನ್ನು ಅದೇ ವೇಗದಲ್ಲಿ ಕೇಳಿ, ಆಮೇಲೆ ಹೊಸ ಪಾಠ ಹಾಕಿ.

ಇದೇ ಒಗ್ಗಿಕೆ ಮೋಸವನ್ನೂ ಮಾಡುತ್ತದೆ. ಇಪ್ಪತ್ತು ನಿಮಿಷ 1.75ರಲ್ಲಿ ಕೇಳಿ 1xಗೆ ಇಳಿಸಿದರೆ ಮೇಷ್ಟ್ರು ತೂಕಡಿಸುತ್ತಾ ಮಾತಾಡಿದ ಹಾಗೆ ಕೇಳುತ್ತದೆ, 1.75 ಸಹಜ ಅನಿಸುತ್ತದೆ. ಸಹಜ ಅನಿಸಿದ್ದು ಕಿವಿಗೆ ಮಾತ್ರ. ಸಲೀಸಾಗಿ ಕೇಳಿಸಿದ್ದನ್ನೆಲ್ಲ ಅರ್ಥವಾಯಿತು ಎಂದು ನಾವು ಲೆಕ್ಕಕ್ಕೆ ಹಿಡಿದುಬಿಡುತ್ತೇವೆ. ಅಕ್ಕನ ಮಗಳಿಗೆ ಆದದ್ದೂ ಅದೇ, ಕೇಳುತ್ತಿದ್ದಷ್ಟು ದಿನ ಅವಳಿಗೆ ಒಂದು ಅನುಮಾನವೂ ಬಂದಿರಲಿಲ್ಲ.

ಹಂತ 3: ನಿಮ್ಮ ಗೆರೆ ಹುಡುಕುವ ಪರೀಕ್ಷೆ

ಒಬ್ಬರೇ ಮಾಡುವುದಕ್ಕಿಂತ ಗೆಳೆಯರೊಬ್ಬರ ಜತೆ ಮಾಡಿದರೆ ಒಳ್ಳೆಯದು. ಪ್ರಶ್ನೆ ಮಾಡುವವರು ಬೇರೆ, ಕೇಳುವವರು ಬೇರೆ ಇರಬೇಕು. ನಮ್ಮಲ್ಲಿ ಪ್ರಶ್ನೆ ಮಾಡಿದ್ದು ನಾನು.

ಅವಳು ಇನ್ನೂ ಕೇಳಿರದ ಪಾಠವೊಂದರಿಂದ ವಿವರಣೆಯ ನಾಲ್ಕು ಭಾಗ ಆರಿಸಿದೆವು, ಒಂದೊಂದೂ ಐದು ನಿಮಿಷದ್ದು. ಒಂದೊಂದನ್ನು 1.25, 1.5, 1.75, 2x ವೇಗದಲ್ಲಿ ನಿಲ್ಲಿಸದೆ ಕೇಳುವುದು. ಪ್ರತಿ ಭಾಗ ಮುಗಿದ ಮೇಲೆ ವಿಡಿಯೊ ಮುಚ್ಚಿ, ಎರಡು ನಿಮಿಷ ಬೇರೆ ಏನಾದರೂ ಮಾತಾಡಿ, ಆಮೇಲೆ ಐದು ಪ್ರಶ್ನೆಗೆ ಬರೆದು ಉತ್ತರ. ಆ ಎರಡು ನಿಮಿಷ ಬಿಡಬೇಡಿ. ಅದಿಲ್ಲದಿದ್ದರೆ ಕಿವಿಯಲ್ಲಿ ಇನ್ನೂ ಗುನುಗುತ್ತಿರುವ ಕೊನೆಯ ವಾಕ್ಯಗಳೇ ಉತ್ತರವಾಗಿ ಬಂದುಬಿಡುತ್ತವೆ.

ಪ್ರಶ್ನೆಗಳು ಹೇಗಿರಬೇಕು ಎಂಬುದೇ ಇಡೀ ಪರೀಕ್ಷೆಯ ಜೀವ. "ಈ ಒತ್ತಡಕ್ಕೆ ಏನೆನ್ನುತ್ತಾರೆ?" ಎಂಬ ಪ್ರಶ್ನೆ ಕೇಳಿದರೆ 2xನಲ್ಲೂ ಐದಕ್ಕೆ ಐದು ಬರುತ್ತದೆ, ಯಾಕೆಂದರೆ ಪದ ಉಳಿಯುತ್ತದೆ. ಕಳಚಿ ಹೋಗುವುದು ಪದಪದಗಳ ನಡುವಿನ ಸಂಬಂಧ. ಆದ್ದರಿಂದ ಪ್ರಶ್ನೆಗಳು ಯಾವುದು ಏರಿದರೆ ಯಾವುದು ಇಳಿಯುತ್ತದೆ, ಯಾವ ಷರತ್ತಿನಲ್ಲಿ, ಯಾಕೆ ಎಂಬ ರೀತಿಯಲ್ಲಿರಲಿ.

ಅವಳ ಹಳೆಯ ನೋಟ್ಸಿನ ಒಂದು ಸಾಲನ್ನೇ ನೋಡಿ. ಎಫೆಕ್ಟಿವ್ ಸ್ಟ್ರೆಸ್ಸಿನ ಸೂತ್ರ ಟೆರ್ಜಾಘಿಯದು:

σ′ = σ − u

ಇಲ್ಲಿ σ ಒಟ್ಟು ಒತ್ತಡ, u ಮಣ್ಣಿನ ರಂಧ್ರಗಳಲ್ಲಿರುವ ನೀರಿನ ಒತ್ತಡ, σ′ ಮಣ್ಣಿನ ಕಣಗಳು ತಮ್ಮ ತಮ್ಮಲ್ಲಿ ಹೊರುವ ಒತ್ತಡ. ನೀರು ನೆಲದ ಮಟ್ಟದಲ್ಲೇ ನಿಂತಿದೆ, ನೀರು ಕುಡಿದ ಮಣ್ಣಿನ ತೂಕ ಘನ ಮೀಟರಿಗೆ 20 ಕಿಲೋನ್ಯೂಟನ್ ಎಂದಿಟ್ಟುಕೊಂಡರೆ, 4 ಮೀಟರ್ ಆಳದಲ್ಲಿ σ 80, u ಸುಮಾರು 39, ಉಳಿಯುವ σ′ 41 ಕಿಲೋಪಾಸ್ಕಲ್. ಅವಳು 2xನಲ್ಲಿ ಕೇಳಿ ಬರೆದುಕೊಂಡದ್ದು ಹೀಗಿತ್ತು: "ವಾಟರ್ ಟೇಬಲ್ ಏರಿದರೆ ಪೋರ್ ಪ್ರೆಶರ್ ಏರುತ್ತದೆ, ಎಫೆಕ್ಟಿವ್ ಸ್ಟ್ರೆಸ್ ಏರುತ್ತದೆ." ಮೂರೂ ಪಾರಿಭಾಷಿಕ ಪದಗಳು ಸರಿ, ಸ್ಪೆಲ್ಲಿಂಗೂ ಸರಿ. ತಪ್ಪಿದ್ದು ದಿಕ್ಕು. ನೀರು ಮೇಲೆ ಬಂದಾಗ ಕಣಗಳು ಹೊರುವ ಪಾಲು ಕಡಿಮೆಯಾಗುತ್ತದೆ, ಮಣ್ಣಿನ ಬಲ ಕುಗ್ಗುತ್ತದೆ. ಮಳೆಗಾಲದಲ್ಲಿ ದರೆ ಕುಸಿಯುವುದಕ್ಕೆ ಇದು ಒಂದು ದೊಡ್ಡ ಕಾರಣ. ಮೇಷ್ಟ್ರು ಅದನ್ನು ಸರಿಯಾಗಿಯೇ ಹೇಳಿದ್ದರು, ಹೇಳಿ ಎರಡು ಸೆಕೆಂಡ್ ಸುಮ್ಮನಿದ್ದರು ಕೂಡ. ಆ ಎರಡು ಸೆಕೆಂಡ್ ಒಂದಾಗಿ, ಅಷ್ಟರಲ್ಲಿ ಮುಂದಿನ ವಾಕ್ಯ ಶುರುವಾಗಿತ್ತು.

ನಾಲ್ಕು ಭಾಗಗಳಲ್ಲಿ ಅವಳಿಗೆ ಬಂದ ಅಂಕ ಕ್ರಮವಾಗಿ 5, 5, 4, 2. ಹಲಗೆಯ ಭಾಗಗಳಿಗೆ ಅದೇ ಪರೀಕ್ಷೆ ಬೇರೆಯಾಗಿ ಮಾಡಿದಾಗ 1.25ರಲ್ಲಿ 5, 1.5ರಲ್ಲಿ 3. ಐದಕ್ಕೆ ಐದು ಬಂದ ಕೊನೆಯ ವೇಗವನ್ನೇ ನಿಮ್ಮ ವೇಗವಾಗಿ ಇಟ್ಟುಕೊಳ್ಳಿ, ನಾಲ್ಕು ಬಂದದ್ದನ್ನಲ್ಲ. ಐದು ನಿಮಿಷದಲ್ಲಿ ಒಂದು ಕೊಂಡಿ ತಪ್ಪಿದರೆ ಒಂದು ಗಂಟೆಯ ಪಾಠದಲ್ಲಿ ಹತ್ತಾದರೂ ತಪ್ಪುತ್ತವೆ, ಮುಂದಿನ ಪಾಠ ಅವುಗಳ ಮೇಲೇ ಕಟ್ಟಿರುತ್ತದೆ. ಅವಳ ವೇಗ ವಿವರಣೆಗೆ 1.5, ಹಲಗೆಗೆ 1.25 ಎಂದಾಯಿತು.

ಹಂತ 4: ಕೇಳುವಾಗ ಕೈ ಎಲ್ಲಿರಬೇಕು

ಕಂಪ್ಯೂಟರಿನಲ್ಲಿ ಯೂಟ್ಯೂಬ್ ನೋಡುವಾಗ `Shift` ಜತೆ `>` ಒತ್ತಿದರೆ ವೇಗ ಏರುತ್ತದೆ, `<` ಒತ್ತಿದರೆ ಇಳಿಯುತ್ತದೆ. `K` ನಿಲ್ಲಿಸಲು, `J` ಹತ್ತು ಸೆಕೆಂಡ್ ಹಿಂದೆ ಹೋಗಲು. ಈ ನಾಲ್ಕು ಕೀಲಿಗಳು ಬೆರಳಿಗೆ ಬಂದರೆ ಸಾಕು. ಹಲಗೆಯ ಕಡೆ ಮೇಷ್ಟ್ರು ತಿರುಗಿದ ಕೂಡಲೇ ಒಂದು ಸಲ ಇಳಿಸಿ, ಮತ್ತೆ ನಮ್ಮ ಕಡೆ ತಿರುಗಿದಾಗ ಏರಿಸಿ. ಪ್ಲೇಯರಿನಲ್ಲಿ ಇಲ್ಲದ ನಡುವಿನ ವೇಗ ಬೇಕೆಂದರೆ ಬ್ರೌಸರಿನ ಕನ್ಸೋಲಿನಲ್ಲಿ ಈ ಸಾಲು ಹಾಕಬಹುದು:

```
document.querySelector('video').playbackRate = 1.35
```

ಬಸ್ಸಿನಲ್ಲಿ ಆಡಿಯೊ ಮಾತ್ರ ಕೇಳುವವರು ಮೊದಲೇ ಕುಗ್ಗಿಸಿದ ಕಡತ ಮಾಡಿಟ್ಟುಕೊಳ್ಳಬಹುದು:

```
ffmpeg -i pata.mp3 -filter:a "atempo=1.4" pata-14.mp3
```

ಎಲ್ಲಕ್ಕಿಂತ ಮುಖ್ಯವಾದ ಕೀಲಿ `K`. ಒಂದು ಅಂಶ ಮುಗಿಯಿತು ಎನಿಸಿದ ಕಡೆ ನಿಲ್ಲಿಸಿ, ಈಗ ಕೇಳಿದ್ದನ್ನು ಒಂದು ವಾಕ್ಯದಲ್ಲಿ ಬಾಯಿಬಿಟ್ಟು ಹೇಳಿ, ಮುಂದುವರಿಸಿ. ಎಲ್ಲೆಂದರಲ್ಲಿ ನಿಲ್ಲಿಸಿದರೆ ಇದು ಕೆಲಸ ಮಾಡುವುದಿಲ್ಲ. ಆರ್ಥರ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು 1999ರಲ್ಲಿ ಕುಗ್ಗಿಸಿದ ಮಾತಿಗೆ ಮೌನ ಸೇರಿಸಿ ನೋಡಿದಾಗ, ವಾಕ್ಯ ಮತ್ತು ಉಪವಾಕ್ಯಗಳು ಮುಗಿಯುವ ಕಡೆ ಸೇರಿಸಿದ ಮೌನವೇ ನೆನಪಿಗೆ ನೆರವಾಯಿತು. ವಯಸ್ಸಾದವರಿಗೆ ವೇಗದ ಪೆಟ್ಟು ಹೆಚ್ಚು ಎಂಬುದೂ ಇಂಥ ಪ್ರಯೋಗಗಳಿಂದ ತಿಳಿದದ್ದೇ. ಕೆಲಸದಲ್ಲಿದ್ದುಕೊಂಡು ಐವತ್ತು ದಾಟಿದ ಮೇಲೆ ಕೋರ್ಸ್ ಮಾಡುವವರು ಮಗನ ವೇಗವನ್ನು ತಮ್ಮ ವೇಗ ಎಂದುಕೊಳ್ಳಬಾರದು.

ಇನ್ನೊಂದು ಎಚ್ಚರಿಕೆ. ಕೆಲವು ಆಪ್‌ಗಳಲ್ಲಿ ಮೌನವನ್ನು ತಾನಾಗಿಯೇ ಕತ್ತರಿಸುವ ಸೌಲಭ್ಯ ಇದೆ. ಹರಟೆಯ ಪಾಡ್‌ಕಾಸ್ಟಿಗೆ ಅದು ಸರಿ, ಪಾಠಕ್ಕೆ ಹಾಕಬೇಡಿ. ವೇಗವನ್ನೂ ಏರಿಸಿ ಮೌನವನ್ನೂ ತೆಗೆದರೆ ಯೋಚಿಸುವ ಹೊತ್ತನ್ನು ಎರಡು ಸಲ ಕಿತ್ತುಕೊಂಡ ಹಾಗೆ. ಧ್ವನಿಮುದ್ರಣದಲ್ಲಿ ಕೋಣೆಯ ಪ್ರತಿಧ್ವನಿ, ಫ್ಯಾನಿನ ಸದ್ದು ಇದ್ದರೂ ವೇಗವನ್ನು ಒಂದು ಮೆಟ್ಟಿಲು ಇಳಿಸಿ. ಪದ ಹೆಕ್ಕುವುದಕ್ಕೇ ಗಮನವೆಲ್ಲ ಹೋದರೆ ಅರ್ಥಕ್ಕೆ ಉಳಿಯುವುದಿಲ್ಲ.

ಪಾಠ ಇಂಗ್ಲಿಷಿನಲ್ಲಿದ್ದು ನೀವು ಕನ್ನಡ ಮಾಧ್ಯಮದಿಂದ ಬಂದವರಾದರೆ ಕೇಳುವ ಮೊದಲು ಟ್ರಾನ್ಸ್‌ಕ್ರಿಪ್ಟಿನ ಮೇಲೆ ಕಣ್ಣಾಡಿಸಿ, ಹೊಸ ಪದ ಹತ್ತನ್ನು ಬರೆದು ಅರ್ಥ ನೋಡಿಕೊಳ್ಳಿ. ಐದು ನಿಮಿಷದ ಈ ತಯಾರಿಯಿಂದ ಸಿಗುವ ವೇಗ ಯಾವ ಗುಂಡಿಯಿಂದಲೂ ಸಿಗುವುದಿಲ್ಲ.

ಕನ್ನಡದ ಪಾಠವಾದರೆ

ಇಂಗ್ಲಿಷಿನ 275ನ್ನು ಕನ್ನಡಕ್ಕೆ ತರಬೇಡಿ. "ಹೋಗಬೇಕಾಗಿತ್ತು" ನಮಗೆ ಒಂದೇ ಪದ, ಇಂಗ್ಲಿಷಿನಲ್ಲಿ ಅದಕ್ಕೆ ಮೂರು ನಾಲ್ಕು ಪದ ಬೇಕು. ನಮ್ಮ ಪದಗಳು ಉದ್ದ, ಹಾಗಾಗಿ ಎಣಿಕೆ ಕಡಿಮೆ ಬರುತ್ತದೆ. ನೇರವಾಗಿ ಮೂರನೇ ಹಂತದ ಪರೀಕ್ಷೆಯನ್ನೇ ಮಾಡಿ.

ಹ್ರಸ್ವ ದೀರ್ಘಗಳು, ಒತ್ತಕ್ಷರಗಳು ವೇಗದಲ್ಲಿ ಕಲಸಿಹೋಗುತ್ತವೆ, ಕತೆ ಕತ್ತೆಯಾಗುತ್ತದೆ ಎಂದು ಕೆಲವರು ಹೆದರುತ್ತಾರೆ. ಅಷ್ಟು ಹೆದರಬೇಕಿಲ್ಲ. ಯಂತ್ರ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸುತ್ತದೆ, ಹ್ರಸ್ವಕ್ಕೂ ದೀರ್ಘಕ್ಕೂ ಇರುವ ಅನುಪಾತ ಹಾಗೇ ಉಳಿಯುತ್ತದೆ. ಕಿವಿ ಅಕ್ಷರದ ಉದ್ದವನ್ನು ಸುತ್ತಲಿನ ಮಾತಿನ ವೇಗಕ್ಕೆ ಹೋಲಿಸಿಯೇ ಅಳೆಯುತ್ತದೆ. ಮನುಷ್ಯರು ತಾವೇ ಅವಸರದಲ್ಲಿ ಮಾತಾಡುವಾಗ ಹೀಗಾಗುವುದಿಲ್ಲ, ಕೆಲವು ಅಕ್ಷರಗಳನ್ನು ನುಂಗಿಯೇಬಿಡುತ್ತಾರೆ. ಹಾಗಾಗಿ ಮೊದಲೇ ದಡದಡ ಮಾತಾಡುವ ಮೇಷ್ಟ್ರ 1x, ನಿಧಾನಸ್ಥರ 1.5xಗಿಂತ ಕಷ್ಟವಾಗಬಹುದು. ಅಂಥವರ ಪಾಠದ ವೇಗ ಏರಿಸಲೇಬೇಡಿ.

ನನ್ನ ಪ್ರಕಾರ ಕನ್ನಡದಲ್ಲಿ ನಿಜವಾಗಿ ಗಮನಿಸಬೇಕಾದದ್ದು ವಾಕ್ಯದ ಬಾಲ. ನಮ್ಮ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಇಲ್ಲ, ಅಲ್ಲ, ಬಾರದು ಎಂಬುವೂ ಕೊನೆಯಲ್ಲೇ ಬರುತ್ತವೆ. ಇಪ್ಪತ್ತು ಪದದ ವಾಕ್ಯವನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಕಾಯಬೇಕು, ಕೊನೆಯ ಪದದಲ್ಲಿ ಅದು ಇಡಿಯಾಗಿ ಮಗುಚಿಕೊಳ್ಳಬಹುದು. ಆ ಕೊನೆಯ ಪದವೇ ಮುಂದಿನ ವಾಕ್ಯಕ್ಕೆ ಅಂಟಿಕೊಂಡು ಬಂದರೆ ಮಗುಚಲು ಹೊತ್ತಿರುವುದಿಲ್ಲ. ಕನ್ನಡ ಪಾಠದ ನೋಟ್ಸು ಪರಿಶೀಲಿಸುವಾಗ "ಆಗುತ್ತದೆ" ಎಂದು ಬರೆದ ಕಡೆ "ಆಗುವುದಿಲ್ಲ" ಇರಬೇಕಿತ್ತೇ ಎಂದು ಮೊದಲು ನೋಡಿ.

ಹಂತ 5: ಉಳಿದ ಸಮಯದ ಲೆಕ್ಕ

54 ನಿಮಿಷದ ಆ ಪಾಠದಲ್ಲಿ ವಿವರಣೆ 36 ನಿಮಿಷ, ಹಲಗೆ 18. ಹೊಸ ವೇಗದಲ್ಲಿ ಅವು 24 ಮತ್ತು ಸುಮಾರು 14 ನಿಮಿಷವಾದವು. ನಿಲ್ಲಿಸಿ ಹೇಳಿಕೊಂಡದ್ದಕ್ಕೆ 6 ನಿಮಿಷ. ಒಟ್ಟು 44. ಉಳಿದದ್ದು ಹತ್ತು ನಿಮಿಷ ಮಾತ್ರ. 2xನಲ್ಲಿ ಅದು 27 ನಿಮಿಷಕ್ಕೆ ಮುಗಿದಿತ್ತು, ನಿಜ. ಆದರೆ ಅದೇ ಪಾಠವನ್ನು ಅವಳು ಮತ್ತೆ ಮೊದಲಿನಿಂದ ಕೇಳಬೇಕಾಯಿತು. ವೇಗ ಏರಿದಂತೆ ಉಳಿತಾಯವೂ ಕರಗುತ್ತಾ ಹೋಗುತ್ತದೆ. ಒಂದು ಗಂಟೆಯ ಪಾಠ 1.5xನಲ್ಲಿ 20 ನಿಮಿಷ ಉಳಿಸುತ್ತದೆ. ಅಲ್ಲಿಂದ 2xಗೆ ಹೋದರೆ ಹೆಚ್ಚಿಗೆ ಸಿಗುವುದು 10 ನಿಮಿಷ, ಕಳೆದುಕೊಳ್ಳುವುದು ಮಾತ್ರ ಹೆಚ್ಚು.

ಹಾಗೆಂದು 2x ಯಾವತ್ತೂ ಬೇಡ ಎನ್ನುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯಲ್ಲಿ ಮರ್ಫಿ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ 2xವರೆಗೆ ಅಂಕ ಹೆಚ್ಚೇನೂ ಇಳಿಯಲಿಲ್ಲ, 2.5xನಲ್ಲಿ ಇಳಿಯಿತು. ಅವರು ತೋರಿಸಿದ್ದು ರೋಮನ್ ಸಾಮ್ರಾಜ್ಯ, ಆಸ್ತಿ ಮೌಲ್ಯಮಾಪನದಂಥ ವಿಷಯಗಳ ಚಿಕ್ಕ ವಿಡಿಯೊಗಳನ್ನು, ಸೂತ್ರ ಬಿಡಿಸುವ ಒಂದು ಗಂಟೆಯ ಪಾಠವನ್ನಲ್ಲ. ಅದೇ ಅಧ್ಯಯನದ ಇನ್ನೊಂದು ಭಾಗ ನಮಗೆ ಹೆಚ್ಚು ಉಪಯೋಗದ್ದು. 2xನಲ್ಲಿ ಎರಡು ಸಲ ನೋಡಿದವರಿಗೆ ಲಾಭವಾದದ್ದು ಎರಡನೇ ಸಲವನ್ನು ಒಂದು ವಾರ ಬಿಟ್ಟು, ಪರೀಕ್ಷೆಗೆ ತೀರ ಮುಂಚೆ ನೋಡಿದಾಗ. ಬೆನ್ನುಬೆನ್ನಿಗೆ ಎರಡು ಸಲ ನೋಡಿದ್ದರಿಂದ ಅಷ್ಟು ಪ್ರಯೋಜನ ಸಿಗಲಿಲ್ಲ.

ಆದ್ದರಿಂದ ಮೊದಲ ಸಲ ನಿಮ್ಮ ಗೆರೆಯ ವೇಗದಲ್ಲಿ ಕೇಳಿ, ತೊಡಕಾದ ಕಡೆಯ ಸಮಯವನ್ನು ನೋಟ್ಸಿನ ಅಂಚಿನಲ್ಲಿ ಬರೆದಿಡಿ. 2xನ್ನು ಪುನರಾವರ್ತನೆಗೆ ಎತ್ತಿಡಿ, ಕೊಂಡಿಗಳು ಆಗಲೇ ತಲೆಯಲ್ಲಿ ಇರುವುದರಿಂದ ಕಿವಿಗೆ ನೆನಪಿಸುವ ಕೆಲಸ ಮಾತ್ರ ಉಳಿದಿರುತ್ತದೆ. ಅಕ್ಕನ ಮಗಳು ಪರೀಕ್ಷೆಯ ಹಿಂದಿನ ಸಂಜೆ ಹಾಗೇ ಮಾಡಿದಳು. ಎಫೆಕ್ಟಿವ್ ಸ್ಟ್ರೆಸ್ ಪಾಠದ ಅಂಚಿನಲ್ಲಿ ನಾಲ್ಕು ಸಮಯಗಳಿದ್ದವು. ಅವುಗಳಲ್ಲಿ 31ನೇ ನಿಮಿಷದ್ದನ್ನು, ಆ ಮೈನಸ್ ಗುರುತಿನದ್ದನ್ನು, ಮಾತ್ರ 1xನಲ್ಲಿ ಹಾಕಿ ಕೇಳಿದಳು.